ಶೂ ಬಾಯಿ ಬಿಟ್ಟಿದೆಯಾ? ಅಂಟಿಸುವ ಸರಿಯಾದ ಕ್ರಮ ಇಲ್ಲಿದೆ

ಶೂ ಮುಂದುಗಡೆ, ಬೆರಳಿನ ಹತ್ತಿರ, ಅಟ್ಟೆ ಬಿಟ್ಟುಕೊಂಡರೆ ಮೊದಲು ಕೈ ಹೋಗುವುದು ಸೂಪರ್ ಗ್ಲೂ ಕಡೆಗೆ. ನಿಮಿಷದಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ ನಿಜ. ಆದರೆ ಪ್ರತಿ ಹೆಜ್ಜೆಗೂ ಶೂ ಅಲ್ಲೇ ಬಾಗುತ್ತದೆ. ಒಣಗಿದ ಸೂಪರ್ ಗ್ಲೂ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಮೇಲಾಗಿ ಅದರ ಗಡುಸು ಪೊರೆ ರಬ್ಬರಿನ ಮೇಲೆ ಉಳಿದು, ಆಮೇಲೆ ಒಳ್ಳೆಯ ಅಂಟು ಹಾಕಿದರೂ ಹಿಡಿಯಲು ಬಿಡುವುದಿಲ್ಲ.

ಬೇಕಿರುವುದು ಒಣಗಿದ ಮೇಲೂ ಬಾಗುವ ಅಂಟು. ನಿಯೋಪ್ರೀನ್ ರಬ್ಬರಿನ ಕಾಂಟ್ಯಾಕ್ಟ್ ಅಡ್ಹೆಸಿವ್ ಅಂಥದ್ದು. ರಬ್ಬರ್ ಅಟ್ಟೆಗೆ, ಚರ್ಮಕ್ಕೆ, ಬಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ. ಅಟ್ಟೆ ಪಿವಿಸಿ ಆಗಿದ್ದರೆ ಮಾತ್ರ ಪಾಲಿಯುರೆಥೇನ್ ಶೂ ಅಂಟು ತನ್ನಿ. ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ನಿಯೋಪ್ರೀನ್ ಅಂಟನ್ನು ಸಡಿಲಗೊಳಿಸುತ್ತದೆ.

ಮೊದಲು ಉಗುರಿನಿಂದ ಒತ್ತಿ ನೋಡಿ

ಅಂಟಿನ ಮುಚ್ಚಳ ತೆಗೆಯುವ ಮೊದಲು, ಬಿಟ್ಟುಕೊಂಡ ಜಾಗದಲ್ಲಿ ಅಟ್ಟೆಯನ್ನು ಉಗುರಿನಿಂದ ಕೆರೆಯಿರಿ. ಪುಡಿಪುಡಿಯಾಗಿ ಉದುರಿದರೆ, ಇಲ್ಲವೇ ಜಿಗುಟಾಗಿ ಕೈಗೆ ಮೆತ್ತಿದರೆ, ಅಲ್ಲಿಗೇ ನಿಲ್ಲಿಸಿ. ಪಾಲಿಯುರೆಥೇನ್ ಫೋಮ್ ಅಟ್ಟೆ ವರ್ಷಗಟ್ಟಲೆ ಗಾಳಿಯ ತೇವ ಹೀರಿಕೊಂಡು ಒಳಗೇ ಶಿಥಿಲವಾಗುತ್ತದೆ. ಹಾಕಿಕೊಳ್ಳದೆ ಕಪಾಟಿನಲ್ಲಿಟ್ಟ ಶೂಗಳ ಅಟ್ಟೆ ಕಿತ್ತುಬರುವುದು ಬಹಳ ಸಲ ಇದರಿಂದಲೇ. ಅಂಟು ಎಷ್ಟೇ ಒಳ್ಳೆಯದಿದ್ದರೂ ಪುಡಿಯನ್ನು ಹಿಡಿದು ನಿಲ್ಲಲಾರದು.

ಈಗ ಕೆಲಸ ಶುರು

ಬೆರಳಿನ ಕಡೆ ಒಂದು 5 ಸೆಂ.ಮೀ. ಬಿಟ್ಟಿದೆ ಅಂದುಕೊಳ್ಳಿ. ಅಟ್ಟೆಯನ್ನು ಮೆಲ್ಲಗೆ ಎಳೆದು ನೋಡಿ. ಸಡಿಲ ಇರುವಷ್ಟೂ ಬಿಟ್ಟುಬರಲಿ, ಗಟ್ಟಿಯಾಗಿ ಹಿಡಿದಿರುವಲ್ಲಿ ನಿಲ್ಲಿಸಿ. ಅರೆಬರೆ ಹಿಡಿದ ಭಾಗವನ್ನು ಹಾಗೇ ಬಿಟ್ಟರೆ ಮುಂದಿನ ಸಲ ಅಲ್ಲಿಂದಲೇ ಕೀಳುತ್ತದೆ.

ಒಳಗಿನ ಮಣ್ಣು, ಹಳೆಯ ಅಂಟಿನ ಪೊರೆ ಎಲ್ಲವನ್ನೂ ಕೆರೆದು ತೆಗೆಯಿರಿ. ಆಮೇಲೆ 80 ನಂಬರಿನ ಉಪ್ಪುಕಾಗದದಿಂದ ಎರಡೂ ಬದಿ ಉಜ್ಜಿ. ರಬ್ಬರಿನ ಹೊಳಪು ಹೋಗಿ ಮಂಕಾಗಬೇಕು. ಪುಡಿ ಕೊಡವಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಶೂ ಒದ್ದೆ ಇದ್ದರೆ ಈ ದಿನ ಅಂಟಿಸಲೇಬೇಡಿ.

ಕಿಟಕಿ ತೆರೆದಿಡಿ. ಈ ಅಂಟಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹತ್ತಿರದಲ್ಲಿ ಒಲೆ, ದೀಪ ಬೇಡ. ಹಳೆ ಟೂತ್‌ಬ್ರಷ್‌ನಿಂದ ಎರಡೂ ಬದಿಗೆ ತೆಳ್ಳಗೆ ಬಳಿಯಿರಿ. ಬಾಯಿ ಮುಚ್ಚಿಕೊಳ್ಳದಂತೆ ನಡುವೆ ಒಂದು ತುಂಡು ಪೆನ್ಸಿಲ್ ಸಿಕ್ಕಿಸಿ. ಚರ್ಮ ಅಥವಾ ಬಟ್ಟೆ ಮೊದಲ ಲೇಪವನ್ನು ಹೀರಿಕೊಂಡಿದ್ದರೆ, ಅದು ಒಣಗಿದ ಮೇಲೆ ಇನ್ನೊಂದು ಲೇಪ ಕೊಡಿ.

ಇನ್ನು ಕಾಯಬೇಕು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಹಸಿ ಇರುವಾಗಲೇ ಒತ್ತಿಬಿಟ್ಟರೆ ಅಂಟಿನೊಳಗಿನ ದ್ರಾವಕಕ್ಕೆ ಹೊರಹೋಗಲು ದಾರಿಯಿರುವುದಿಲ್ಲ, ಒಳಗೆ ದಿನಗಟ್ಟಲೆ ಹಸಿಯೇ ಉಳಿಯುತ್ತದೆ. ಸಾಮಾನ್ಯವಾಗಿ 10ರಿಂದ 15 ನಿಮಿಷ ಬೇಕು. ಟ್ಯೂಬ್ ಮೇಲೆ ಬೇರೆ ಹೊತ್ತು ಬರೆದಿದ್ದರೆ ಅದನ್ನೇ ನಂಬಿ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ: ಜಿಗುಟು ಅನಿಸಬೇಕು, ಆದರೆ ಬೆರಳಿಗೆ ಅಂಟು ಬರಬಾರದು.

ಆಗ ಪೆನ್ಸಿಲ್ ತೆಗೆದು, ಒಳಮೂಲೆಯಿಂದ ಶುರುಮಾಡಿ ತುದಿಯ ಕಡೆಗೆ ಒತ್ತುತ್ತಾ ಬನ್ನಿ. ಸುಮ್ನೆ ಮುಟ್ಟಿದರೂ ಹಿಡಿದುಬಿಡುತ್ತದೆ, ಸರಿಸಿ ಕೂರಿಸಲು ಅವಕಾಶವಿಲ್ಲ. ಆದ್ದರಿಂದ ಅಂಚು ಸರಿ ನೋಡಿಕೊಂಡೇ ಮುಚ್ಚಿ. ಈ ಅಂಟಿಗೆ ಜಾಸ್ತಿ ಹೊತ್ತಿನ ಒತ್ತಡಕ್ಕಿಂತ ಜೋರಾದ ಒತ್ತಡ ಮುಖ್ಯ. ಒಳಗೆ ಬಟ್ಟೆ ತುರುಕಿ, ಚಮಚದ ಬೆನ್ನಿನಿಂದ ಅಂಚಿನುದ್ದಕ್ಕೂ ಬಲವಾಗಿ ಒತ್ತಿ. ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, 24 ಗಂಟೆ ಶೂ ಹಾಕಿಕೊಳ್ಳಬೇಡಿ.

ಮತ್ತೆ ಕಿತ್ತುಬಂತಾ?

ಒಳಗೆ ನೋಡಿದರೆ ಕಾರಣ ಕಾಣುತ್ತದೆ. ಅಂಟೆಲ್ಲ ಒಂದೇ ಬದಿಗೆ ಬಂದು ಇನ್ನೊಂದು ಬದಿ ನುಣ್ಣಗಿದ್ದರೆ, ಆ ಬದಿಯನ್ನು ಸರಿಯಾಗಿ ಉಜ್ಜಿಲ್ಲ. ಎರಡೂ ಬದಿಯಲ್ಲಿ ಅಂಟು ಎಳೆಎಳೆಯಾಗಿ ಎದ್ದರೆ ಬೇಗ ಮುಚ್ಚಿದ್ದೀರಿ. ಎರಡೂ ಬದಿ ಒಣಪೊರೆ ಹೊಳೆಯುತ್ತಿದ್ದರೆ ಹೆಚ್ಚು ಕಾದಿದ್ದೀರಿ, ಇಲ್ಲವೇ ಒತ್ತಿದ್ದು ಸಾಲದು. ಆ ಪೊರೆಯನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಜಿಗುಟು ಬಂದ ತಕ್ಷಣ ಒತ್ತಿದರೆ ಬಹಳ ಸಲ ಮತ್ತೆ ಹಿಡಿಯುತ್ತದೆ.

ರಿಪೇರಿಯವರಿಗೆ ಕೊಡುವುದೇ ಸರಿ ಅನ್ನುವಂಥವು

ಅಟ್ಟೆ ಅರ್ಧಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಮನೆಯಲ್ಲಿ ಎಲ್ಲ ಕಡೆ ಒಂದೇ ಸಮ ಒತ್ತುವುದು ಕಷ್ಟ. ಹೊಲಿಗೆ ಬಿಚ್ಚಿದ ಚರ್ಮದ ಶೂ, ಬಾಗುವ ಜಾಗದಲ್ಲಿ ಅಡ್ಡಕ್ಕೆ ಸೀಳಿದ ಅಟ್ಟೆ, ಅಲುಗಾಡುವ ಹಿಮ್ಮಡಿ ಕೂಡ ಅವರಿಗೇ ಸೇರಿದ್ದು. ಅಟ್ಟೆಯ ಪಕ್ಕ ದಪ್ಪವಿದ್ದರೆ, ಅಂಟಿಸಿದ ಮೇಲೆ ಸುತ್ತ ಒಂದು ಹೊಲಿಗೆ ಹಾಕಿ ಎಂದು ಕೇಳಿ. ಬೆಟ್ಟ ಹತ್ತುವ ಶೂ ಆದರಂತೂ ಹೊಲಿಗೆ ಇರಲೇಬೇಕು, ಕಡಿದಾದ ಜಾಗದಲ್ಲಿ ಅಟ್ಟೆ ಕಳಚಿದರೆ ಜಾರಿ ಬೀಳುತ್ತೀರಿ. ಮೊದಲೇ ಸೂಪರ್ ಗ್ಲೂ ಹಾಕಿದ್ದರೆ ಮುಚ್ಚಿಡದೆ ಹೇಳಿಬಿಡಿ. ಆ ಪೊರೆಯನ್ನು ಪೂರ್ತಿ ಉಜ್ಜಿ ತೆಗೆದ ಮೇಲೆಯೇ ಅವರು ಹೊಸ ಅಂಟು ಬಳಿಯಬೇಕಾಗುತ್ತದೆ.