ಬಂಡವಾಳ ಶುಲ್ಕ ಕಳೆದ ಲಾಭವೂ ಎನ್‌ಪಿವಿಯೂ ಒಂದೇ ಅಂಕಿಗೆ ಬರುವ ಲೆಕ್ಕ: ನನ್ನ ಅನುಭವ

ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಹಣಕಾಸು ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮಲ್ಲಿ ಹೊಸ ಯಂತ್ರ ಕೊಳ್ಳುವ ಪ್ರಸ್ತಾವಕ್ಕೆ ಮಂಜೂರಾತಿ ಸಿಗುವುದು ನಿವ್ವಳ ವರ್ತಮಾನ ಮೌಲ್ಯವನ್ನು, ಅಂದರೆ ಎನ್‌ಪಿವಿಯನ್ನು ನೋಡಿ. ಯಂತ್ರ ಬಂದು ಕೆಲಸ ಶುರುವಾದ ಮೇಲೆ ಮಾತ್ರ ವಿಭಾಗದ ಸಾಧನೆಯನ್ನು ಆರ್ಥಿಕ ಲಾಭದಿಂದ ಅಳೆಯುತ್ತೇವೆ. ತೆರಿಗೆ ಕಳೆದ ಕಾರ್ಯಾಚರಣೆಯ ಲಾಭದಲ್ಲಿ, ತೊಡಗಿಸಿದ ಬಂಡವಾಳದ ಮೇಲಿನ ಶುಲ್ಕವನ್ನೂ ಕಳೆದು ಉಳಿದದ್ದೇ ಆರ್ಥಿಕ ಲಾಭ. ಒಂದು ಯಂತ್ರದ ಮೊದಲ ವರ್ಷದ ಪರಿಶೀಲನಾ ಸಭೆಯಲ್ಲಿ ಉತ್ಪಾದನಾ ವಿಭಾಗದ ಮುಖ್ಯಸ್ಥರು ನೇರವಾಗಿ ಕೇಳಿದರು: "ಮಂಜೂರು ಮಾಡುವಾಗ ಐದೂವರೆ ಲಕ್ಷ ಲಾಭ ಅಂದಿರಿ, ಈಗ ಮೊದಲ ವರ್ಷವೇ ಎರಡೂವರೆ ಲಕ್ಷ ನಷ್ಟ ಅಂತೀರಿ. ಇದರಲ್ಲಿ ಯಾವುದು ಸರಿ, ಸರ್?"

ಎರಡೂ ಸರಿ ಎಂದು ಬಾಯಲ್ಲಿ ಹೇಳಿದರೆ ಸಾಲದು ಎನ್ನಿಸಿ, ಯೋಜನೆಯ ಪೂರ್ತಿ ಆಯುಷ್ಯಕ್ಕೆ ಎರಡೂ ಲೆಕ್ಕಗಳನ್ನು ಒಂದೇ ಹಾಳೆಯ ಮೇಲೆ ಮಾಡಿ ತೋರಿಸಿದೆ. ಆ ಲೆಕ್ಕವನ್ನೇ ಅಂಕಿಗಳನ್ನು ಸರಳಗೊಳಿಸಿ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಬೆಲೆ 40 ಲಕ್ಷ ರೂಪಾಯಿ. ಅದರ ಕೆಲಸಕ್ಕೆ ಬೇಕಾದ ಕಚ್ಚಾ ಸರಕು ಮತ್ತು ಗಿರಾಕಿಗಳಿಂದ ಬರಬೇಕಾದ ಬಾಕಿಗೆ 6 ಲಕ್ಷದ ದುಡಿಯುವ ಬಂಡವಾಳ. ಇದು ಕೊನೆಯ ವರ್ಷ ಪೂರ್ತಿಯಾಗಿ ವಾಪಸು ಬರುತ್ತದೆ. ಯೋಜನೆಯ ಆಯುಷ್ಯ 4 ವರ್ಷ, ಕೊನೆಗೆ ಯಂತ್ರವನ್ನು ಮಾರಿದರೆ 4 ಲಕ್ಷ. ತೆರಿಗೆ ಕಟ್ಟಿದ ಮೇಲೆ ಕೈಗೆ ಸಿಗುವ ಕಾರ್ಯಾಚರಣೆಯ ನಗದು ಕ್ರಮವಾಗಿ 12, 16, 17 ಮತ್ತು 15 ಲಕ್ಷ. ಬಂಡವಾಳದ ವೆಚ್ಚ ಶೇಕಡಾ 12. ನಾಲ್ಕನೆಯ ವರ್ಷದ ನಗದಿಗೆ ಯಂತ್ರ ಮಾರಿದ 4 ಮತ್ತು ದುಡಿಯುವ ಬಂಡವಾಳದ 6 ಲಕ್ಷವನ್ನು ಸೇರಿಸಿದರೆ 25 ಲಕ್ಷವಾಗುತ್ತದೆ. ಈ ನಾಲ್ಕು ಮೊತ್ತಗಳನ್ನು ಶೇಕಡಾ 12ರಂತೆ ಇಂದಿನ ಬೆಲೆಗೆ ಇಳಿಸಿದರೆ 51.46 ಲಕ್ಷ, ಅದರಲ್ಲಿ ಹೂಡಿದ 46 ಲಕ್ಷ ಕಳೆದರೆ ಎನ್‌ಪಿವಿ 5.46 ಲಕ್ಷ.

ಇನ್ನು ಆರ್ಥಿಕ ಲಾಭ. ಪ್ರತಿವರ್ಷ ಸಮಾನ ಮೊತ್ತದ ಸವಕಳಿ ಹಾಕಿದರೆ ವರ್ಷಕ್ಕೆ 9 ಲಕ್ಷ. ನಗದಿನಲ್ಲಿ ಅದನ್ನು ಕಳೆದರೆ ಲಾಭ ಸಿಗುತ್ತದೆ. ವರ್ಷದ ಆರಂಭದಲ್ಲಿ ಪುಸ್ತಕದಲ್ಲಿರುವ ಬಂಡವಾಳದ ಮೇಲೆ ಶೇಕಡಾ 12 ಶುಲ್ಕ (ಎಲ್ಲ ಅಂಕಿಗಳೂ ಲಕ್ಷ ರೂಪಾಯಿಗಳಲ್ಲಿ):

| ವರ್ಷ | ಆರಂಭದ ಬಂಡವಾಳ | ಲಾಭ | ಶುಲ್ಕ | ಆರ್ಥಿಕ ಲಾಭ |
|---|---|---|---|---|
| 1 | 46 | 3 | 5.52 | −2.52 |
| 2 | 37 | 7 | 4.44 | 2.56 |
| 3 | 28 | 8 | 3.36 | 4.64 |
| 4 | 19 | 6 | 2.28 | 3.72 |

ಕೊನೆಯ ಕಾಲಮ್ಮನ್ನು ಹಾಗೆಯೇ ಕೂಡಿದರೆ 8.40 ಲಕ್ಷ ಬರುತ್ತದೆ, ಅದು ಎನ್‌ಪಿವಿ ಅಲ್ಲ. ಬಂಡವಾಳ ಶುಲ್ಕವನ್ನು ಈಗಾಗಲೇ ಕಳೆದಿರುವಾಗ ಮತ್ತೆ ಡಿಸ್ಕೌಂಟ್ ಮಾಡಿದರೆ, ಅಂದರೆ ಇಂದಿನ ಬೆಲೆಗೆ ಇಳಿಸಿದರೆ, ಒಂದೇ ವೆಚ್ಚವನ್ನು ಎರಡು ಸಲ ಹಿಡಿದಂತಾಗುವುದಿಲ್ಲವೇ ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಹಾಗಾಗುವುದಿಲ್ಲ. ಶುಲ್ಕವು ಇನ್ನೂ ವಾಪಸು ಬರದ ಹೂಡಿಕೆಗೆ ಸಂಬಂಧಿಸಿದ್ದು; ಡಿಸ್ಕೌಂಟ್ ಮಾಡುವುದು ಆ ಶುಲ್ಕವನ್ನೂ ತೀರಿಸಿ ಮಿಕ್ಕ ಹೆಚ್ಚುವರಿ ಹಣ ಇಂದು ಸಿಗದೆ ಮುಂದೆ ಸಿಗುತ್ತದೆ ಎಂಬ ಕಾರಣಕ್ಕೆ. ನಾಲ್ಕೂ ಅಂಕಿಗಳನ್ನು ಶೇಕಡಾ 12ರಂತೆ ಇಂದಿನ ಬೆಲೆಗೆ ಇಳಿಸಿದರೆ −2.25, 2.04, 3.30, 2.36, ಒಟ್ಟು 5.46 ಲಕ್ಷ. ದಶಮಾಂಶವನ್ನು ಎರಡೇ ಅಂಕಿಗೆ ನಿಲ್ಲಿಸಿದ್ದರಿಂದ ಬರುವ ಸಣ್ಣ ವ್ಯತ್ಯಾಸ ಬಿಟ್ಟರೆ ಎನ್‌ಪಿವಿಯೇ.

ಸಭೆಯಲ್ಲಿ ಇದನ್ನು ಕಂಡವರಿಗೆ ಕಾಕತಾಳೀಯವೆನ್ನಿಸಿತು. ಆದ್ದರಿಂದ ಸವಕಳಿಯ ಪದ್ಧತಿಯನ್ನೇ ಬದಲಿಸಿ ಮತ್ತೊಮ್ಮೆ ಮಾಡಿ ತೋರಿಸಿದೆ. ಪ್ರತಿವರ್ಷ ಉಳಿದ ಮೌಲ್ಯದ ಶೇಕಡಾ 40ರಂತೆ ಸವಕಳಿ ಹಾಕಿ, ಕೊನೆಯ ವರ್ಷ ಯಂತ್ರವನ್ನು 4 ಲಕ್ಷಕ್ಕೆ ತಂದು ನಿಲ್ಲಿಸಿದರೆ ಸವಕಳಿ 16, 9.6, 5.76, 4.64 ಲಕ್ಷ. ತೆರಿಗೆಯು ಆದಾಯ ತೆರಿಗೆ ಕಾಯ್ದೆಯ ಸವಕಳಿಯಂತೆ ಪ್ರತ್ಯೇಕವಾಗಿ ನಿರ್ಧಾರವಾಗುವುದರಿಂದ, ನಮ್ಮ ಪುಸ್ತಕದ ಸವಕಳಿ ಬದಲಾದರೂ ನಗದು ಬದಲಾಗುವುದಿಲ್ಲ. ಆದರೆ ಆರ್ಥಿಕ ಲಾಭ ಪೂರ್ತಿ ಬದಲಾಗಿ −9.52, 2.80, 8.79, 8.60 ಆಗುತ್ತದೆ. ಮೊದಲ ವರ್ಷದ ನಷ್ಟ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಇಂದಿನ ಬೆಲೆಗೆ ಇಳಿಸಿ ಕೂಡಿದರೆ ಮತ್ತೆ ಅದೇ 5.46.

ಹೀಗೇಕಾಗುತ್ತದೆ ಎಂಬುದು ಮೊದಲ ವರ್ಷದ ಒಂದೇ ವ್ಯತ್ಯಾಸವನ್ನು ಹಿಡಿದು ನೋಡಿದರೆ ತಿಳಿಯುತ್ತದೆ. ಎರಡನೆಯ ಪದ್ಧತಿಯಲ್ಲಿ ಮೊದಲ ವರ್ಷ 7 ಲಕ್ಷ ಹೆಚ್ಚು ಸವಕಳಿ ಹಾಕಿದ್ದೇವೆ, ಆದ್ದರಿಂದ ಆ ವರ್ಷದ ಆರ್ಥಿಕ ಲಾಭ 7 ಲಕ್ಷ ಕಡಿಮೆ. ಆದರೆ ಎರಡನೆಯ ವರ್ಷದ ಆರಂಭದ ಬಂಡವಾಳವೂ 7 ಲಕ್ಷ ಇಳಿದಿರುವುದರಿಂದ ಆ ವರ್ಷದ ಶುಲ್ಕ 84 ಸಾವಿರ ಕಡಿಮೆ. ಈ 7 ಲಕ್ಷವನ್ನು ಎರಡನೆಯ ವರ್ಷದ ಸವಕಳಿಯಲ್ಲಿ ಅಷ್ಟೂ ಬಿಟ್ಟುಕೊಟ್ಟೆವೆಂದುಕೊಂಡರೆ ಆ ವರ್ಷದ ಆರ್ಥಿಕ ಲಾಭ 7.84 ಲಕ್ಷ ಹೆಚ್ಚಾಗುತ್ತದೆ. ಒಂದು ವರ್ಷ ಹಿಂದಕ್ಕೆ ತಂದರೆ 7.84 ಭಾಗಿಸು 1.12, ಅಂದರೆ ಸರಿಯಾಗಿ 7. ಬಿಟ್ಟುಕೊಡುವುದು ಒಂದೇ ವರ್ಷದಲ್ಲಾಗದೆ ಹಲವು ವರ್ಷಗಳಿಗೆ ಹಂಚಿಕೊಂಡರೂ, ಉಳಿದ ಭಾಗದ ಮೇಲೆ ಪ್ರತಿವರ್ಷ ಅದೇ ದರದ ಶುಲ್ಕ ಉಳಿತಾಯವಾಗುವುದರಿಂದ ಫಲಿತಾಂಶ ಬೇರೆಯಾಗುವುದಿಲ್ಲ.

ಬೀಜಗಣಿತದಲ್ಲಿ ಇದು ಒಂದೇ ಸಾಲು. `t` ಎಂಬುದು ವರ್ಷ, `EP` ಆರ್ಥಿಕ ಲಾಭ, `B` ವರ್ಷಾಂತ್ಯದ ಪುಸ್ತಕ ಬಂಡವಾಳ, `CF` ನಗದು ಹರಿವು, `r` ದರ ಎಂದಾದರೆ:

```
EP(t) = CF(t) + B(t) − (1 + r) × B(t−1)
```

ಇದನ್ನು ಡಿಸ್ಕೌಂಟ್ ಮಾಡಿ ಕೂಡುವಾಗ ಒಂದು ವರ್ಷದ `B(t)` ಮುಂದಿನ ವರ್ಷದ `(1 + r) × B(t)` ಜೊತೆ ಹೊಡೆದುಹೋಗುತ್ತದೆ. ಕೊನೆಗೆ ಉಳಿಯುವುದು ನಗದು ಹರಿವುಗಳು ಮತ್ತು ಮೊದಲು ಹೂಡಿದ ಹಣ ಮಾತ್ರ. ಅಮೆರಿಕದಲ್ಲಿ ಗೇಬ್ರಿಯಲ್ ಪ್ರೈನ್‌ರೈಕ್ 1930ರ ದಶಕದಲ್ಲೇ ಈ ಸಂಬಂಧವನ್ನು ಬರೆದಿದ್ದರು; ಜರ್ಮನಿಯ ವೋಲ್ಫ್‌ಗಾಂಗ್ ಲ್ಯೂಕೆ 1955ರಲ್ಲಿ ಪ್ರಕಟಿಸಿದ ಮೇಲೆ ಅಲ್ಲಿ ಅದು ಲ್ಯೂಕೆ ಪ್ರಮೇಯವೆಂದೇ ಪಾಠವಾಗಿದೆ. ಬೆಂಗಳೂರಿನ ಇನ್ಫೋಸಿಸ್ ತನ್ನ ವಾರ್ಷಿಕ ವರದಿಗಳಲ್ಲಿ ಕೊಡುತ್ತಿದ್ದ ಇವಿಎ, ಅಂದರೆ ಆರ್ಥಿಕ ಮೌಲ್ಯವರ್ಧನೆಯ ಪಟ್ಟಿಯ ಹಿಂದೆಯೂ ಬಂಡವಾಳ ಶುಲ್ಕ ಕಳೆಯುವ ಇದೇ ತರ್ಕವಿತ್ತು.

ದುಡಿಯುವ ಬಂಡವಾಳದ ಮೇಲೆ ಸವಕಳಿಯೇ ಇಲ್ಲದ ಕಾರಣ ಈ ಸಮಾನತೆ ಅಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ನಾನು ಹೊಸಬರಿಗೆ ಅದನ್ನೇ ಮೊದಲು ಮಾಡಿಸುತ್ತೇನೆ. 6 ಲಕ್ಷ ಇಂದು ಹೋಗಿ ನಾಲ್ಕು ವರ್ಷದ ಮೇಲೆ ಅದೇ 6 ಲಕ್ಷ ಬಂದರೆ ಅದರ ಎನ್‌ಪಿವಿ −2.19 ಲಕ್ಷ. ಅದೇ 6 ಲಕ್ಷದ ಮೇಲೆ ವರ್ಷಕ್ಕೆ 72 ಸಾವಿರದಂತೆ ನಾಲ್ಕು ವರ್ಷದ ಶುಲ್ಕವನ್ನು ಇಂದಿನ ಬೆಲೆಗೆ ಇಳಿಸಿದರೂ 2.19 ಲಕ್ಷ. ಬಾಕಿ ವಸೂಲಾತಿ ತಡವಾದರೆ ಲಾಭನಷ್ಟ ಪಟ್ಟಿಯಲ್ಲಿ ಏನೂ ಕಾಣದಿದ್ದರೂ ಯೋಜನೆಯ ಮೌಲ್ಯ ಕರಗುವುದು ಹೀಗೆಯೇ.

ಎರಡೂ ಮೊತ್ತಗಳು ಸೇರದೆ ಹೋದಾಗ ವ್ಯತ್ಯಾಸದ ಅಂಕಿಯನ್ನೇ ಮೊದಲು ನೋಡಬೇಕು, ಏಕೆಂದರೆ ತಪ್ಪು ಎಲ್ಲಿದೆಯೆಂದು ಅದೇ ಹೇಳುತ್ತದೆ. ನಾನು ಅತಿ ಹೆಚ್ಚಾಗಿ ಕಂಡಿರುವುದು, ಶುಲ್ಕವನ್ನು ವರ್ಷಾರಂಭದ ಬಂಡವಾಳದ ಬದಲು ಆರಂಭ ಮತ್ತು ಅಂತ್ಯದ ಸರಾಸರಿಯ ಮೇಲೆ ಹಾಕುವುದು. ಮೇಲಿನ ಪಟ್ಟಿಯಲ್ಲಿ ಹಾಗೆ ಮಾಡಿದರೆ ಪ್ರತಿವರ್ಷದ ಬಂಡವಾಳ 4.5 ಲಕ್ಷ ಕಡಿಮೆಯಾಗಿ, ಶುಲ್ಕ 54 ಸಾವಿರ ಇಳಿದು, ಒಟ್ಟು ಮೊತ್ತ 5.46ರ ಬದಲು 7.10 ಲಕ್ಷ ತೋರಿಸುತ್ತದೆ. ನಗದೆಲ್ಲ ವರ್ಷಾಂತ್ಯದಲ್ಲೇ ಬರುತ್ತದೆ ಎಂದು ಎನ್‌ಪಿವಿಯಲ್ಲಿ ಹಿಡಿದ ಮೇಲೆ, ಬಂಡವಾಳ ಮಾತ್ರ ವರ್ಷದ ನಡುವೆಯೇ ವಾಪಸು ಬಂತೆಂದು ಹಿಡಿಯಲಾಗದು. ಸಾಲದ ಬಡ್ಡಿಯನ್ನು ಲಾಭದಲ್ಲಿ ಕಳೆದು, ಆಮೇಲೆ ಪೂರ್ತಿ ಬಂಡವಾಳದ ಮೇಲೆ ಶುಲ್ಕವನ್ನೂ ಹಾಕುವುದು ಇನ್ನೊಂದು. ಆಗ ವ್ಯತ್ಯಾಸವು ಬಡ್ಡಿಯ ಇಂದಿನ ಬೆಲೆಗೆ ಸರಿಹೋಗುತ್ತದೆ.

ಇವೆರಡಕ್ಕಿಂತ ಕಣ್ಣಿಗೆ ಬೀಳದೆ ನುಸುಳುವುದು ಮರುಮೌಲ್ಯಮಾಪನ. ಈ ಸಮಾನತೆ ನಿಲ್ಲಬೇಕಾದರೆ ಪುಸ್ತಕ ಬಂಡವಾಳದಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ನಗದಿನಿಂದ ಆಗಿರಬೇಕು, ಇಲ್ಲವೇ ಲಾಭದ ಮೂಲಕ ಹಾದುಹೋಗಿರಬೇಕು. ಭಾರತದ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 16ರಲ್ಲಿ ಮರುಮೌಲ್ಯಮಾಪನದ ಪದ್ಧತಿಯನ್ನು ಆರಿಸಿಕೊಂಡರೆ, ಮೌಲ್ಯದ ಹೆಚ್ಚಳ ಸಾಮಾನ್ಯವಾಗಿ ಲಾಭನಷ್ಟಕ್ಕೆ ಬರದೆ ಇತರ ಸಮಗ್ರ ಆದಾಯಕ್ಕೆ ಹೋಗುತ್ತದೆ. ನಮ್ಮ ಯಂತ್ರವನ್ನು ಎರಡನೆಯ ವರ್ಷದ ಕೊನೆಗೆ 22 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದೆವೆನ್ನಿ. ಮುಂದಿನ ಎರಡು ವರ್ಷ ಸವಕಳಿ ಒಂದೂವರೆ ಲಕ್ಷದಂತೆ ಹೆಚ್ಚುತ್ತದೆ, ಶುಲ್ಕವೂ ಹೆಚ್ಚುತ್ತದೆ, ಆದರೆ ಏರಿಸಿದ 3 ಲಕ್ಷ ಯಾವ ವರ್ಷದ ಲಾಭದಲ್ಲೂ ಕಾಣುವುದಿಲ್ಲ. ಒಟ್ಟು ಮೊತ್ತ 3.07 ಲಕ್ಷಕ್ಕೆ ಕುಸಿಯುತ್ತದೆ. ಕೊರತೆ 2.39 ಲಕ್ಷ, ಅಂದರೆ ಎರಡು ವರ್ಷದ ಮೇಲಿನ 3 ಲಕ್ಷದ ಇಂದಿನ ಬೆಲೆಯಷ್ಟೇ. ಆದ್ದರಿಂದ ಯೋಜನೆಯ ಆರ್ಥಿಕ ಲಾಭವನ್ನು ನಾನು ಯಾವಾಗಲೂ ಮೂಲ ಬೆಲೆಯ ಪುಸ್ತಕದಿಂದಲೇ ಲೆಕ್ಕ ಹಾಕುತ್ತೇನೆ.

ಇಷ್ಟಾದರೂ ಉತ್ಪಾದನಾ ಮುಖ್ಯಸ್ಥರ ದೂರಿನಲ್ಲಿ ಹುರುಳಿತ್ತು. ಸಮಾನತೆ ಇರುವುದು ಪೂರ್ತಿ ಆಯುಷ್ಯದ ಮೊತ್ತಕ್ಕೆ. ಒಂದು ವರ್ಷದ ಅಂಕಿಗೆ ಅಂಥ ಯಾವ ಭರವಸೆಯೂ ಇಲ್ಲ. ಅದು −2.52 ಆಗಬೇಕೋ −9.52 ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಸವಕಳಿಯ ಪದ್ಧತಿ, ಯಂತ್ರದ ಮುಂದೆ ನಿಂತು ದುಡಿದವರ ಕೆಲಸವಲ್ಲ. ಎರಡೇ ವರ್ಷದಲ್ಲಿ ವರ್ಗವಾಗುವ ವ್ಯವಸ್ಥಾಪಕರ ಬೋನಸ್ಸನ್ನು ಆ ಅಂಕಿಗೆ ಕಟ್ಟಿಹಾಕಿದರೆ ಅವರು ಒಳ್ಳೆಯ ಯೋಜನೆಗಳನ್ನೂ ತರಲು ಹಿಂಜರಿಯುತ್ತಾರೆ, ಅದು ನ್ಯಾಯವೂ ಅಲ್ಲ. ಈಗ ನಾವು ಮಂಜೂರಾತಿಯ ಕಾಗದದಲ್ಲೇ ವರ್ಷವಾರು ನಿರೀಕ್ಷಿತ ಆರ್ಥಿಕ ಲಾಭವನ್ನು ಬರೆದಿಡುತ್ತೇವೆ, ಮತ್ತು ಪರಿಶೀಲನೆಯಲ್ಲಿ ನಿಜವಾದ ಅಂಕಿಯನ್ನು ಸೊನ್ನೆಗಲ್ಲ, ಆ ನಿರೀಕ್ಷೆಗೆ ಹೋಲಿಸುತ್ತೇವೆ. ನಿರೀಕ್ಷಿಸಿದ್ದ −2.52ರ ಜಾಗದಲ್ಲಿ −2.10 ಬಂದರೆ ಅದು ಒಳ್ಳೆಯ ವರ್ಷ.

ಯೋಜನೆಯನ್ನು ನಡುವೆಯೇ ಕೈಬಿಡಬೇಕೇ ಎಂಬ ಪ್ರಶ್ನೆಗೂ ಇದೇ ಹಾಳೆ ಉಪಯೋಗಕ್ಕೆ ಬರುತ್ತದೆ. ಮೊದಲ ವರ್ಷದ ಕೊನೆಗೆ ನಿಂತು ನೋಡಿದರೆ, ಸಮಾನ ಸವಕಳಿಯಲ್ಲಿ ಪುಸ್ತಕ ಬಂಡವಾಳ 37 ಲಕ್ಷ, ಮುಂದಿನ ಮೂರು ವರ್ಷಗಳ ಆರ್ಥಿಕ ಲಾಭದ ಅಂದಿನ ಬೆಲೆ 8.63 ಲಕ್ಷ, ಕೂಡಿದರೆ 45.63 ಲಕ್ಷ. ಶೇಕಡಾ 40ರ ಪದ್ಧತಿಯಲ್ಲಿ ಪುಸ್ತಕ ಬಂಡವಾಳ 30 ಲಕ್ಷ, ಮುಂದಿನ ಆರ್ಥಿಕ ಲಾಭ 15.63 ಲಕ್ಷ, ಕೂಡಿದರೆ ಅದೇ 45.63 ಲಕ್ಷ. ಯಂತ್ರವನ್ನು ಮಾರಿ, ಸರಕು ಮತ್ತು ಬಾಕಿಯನ್ನು ನಗದು ಮಾಡಿಕೊಂಡರೆ ಆ ದಿನ ತೆರಿಗೆ ಕಳೆದು ಇದಕ್ಕಿಂತ ಹೆಚ್ಚು ಕೈಗೆ ಬರುವುದಾದರೆ ಮಾತ್ರ ಮಾರಬೇಕು, ಮೊದಲ ವರ್ಷ ಪಟ್ಟಿಯಲ್ಲಿ ಎಷ್ಟೇ ನಷ್ಟ ತೋರಿಸಿದ್ದರೂ.