ನೂರಕ್ಕೆ 52 ಗೆದ್ದರೂ ನಷ್ಟ ಯಾಕೆ? ಮೈನಸ್ 110ರ ಲೆಕ್ಕ ಹಾಕುವುದು ಹೀಗೆ

ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ ಜನವರಿಯಲ್ಲಿ ಫೋನ್ ಮಾಡಿದ್ದರು. 'ಲೋ, ಈ ಆ್ಯಪ್‌ನವರು ನನಗೆ ಟೋಪಿ ಹಾಕಿದ್ದಾರೆ ಕಣೋ. ಸೋತಿದ್ದಕ್ಕಿಂತ ಗೆದ್ದಿದ್ದೇ ಜಾಸ್ತಿ, ಆದರೂ ದುಡ್ಡು ಕಮ್ಮಿ ಆಗಿದೆ' ಅಂದರು. ಆ ರಾಜ್ಯ ನಡೆಸಿದ ಕೇಸಿನಲ್ಲೇ 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರದ ತಡೆಯನ್ನು ತೆಗೆದುಹಾಕಿತು. ಹಾಗಾಗಿ ಅಲ್ಲಿ ಫೋನಿನಲ್ಲೇ ಕಾನೂನುಬದ್ಧವಾಗಿ ಬೆಟ್ ಕಟ್ಟಬಹುದು. (ನಮ್ಮಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಇಲ್ಲಿ ಓದುವವರಿಗೆ ಇದು ಬರೀ ಲೆಕ್ಕದ ಪಾಠ.)

ಭಾವ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟಿದ್ದರು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಒಂದು ಸೀಸನ್, 206 ಸಾಲು. ನೋಡಿದೆ. ಯಾರೂ ಟೋಪಿ ಹಾಕಿರಲಿಲ್ಲ.

ಮೊದಲು ಬೆಲೆ ಓದುವುದು

ಅಲ್ಲಿ ಹೆಚ್ಚು ನಡೆಯುವುದು ಸ್ಪ್ರೆಡ್ ಬೆಟ್. ಡಲ್ಲಾಸ್ ಬಲವಾದ ತಂಡ, ನ್ಯೂಯಾರ್ಕ್ ಸೊರಗಿದ ತಂಡ ಎಂದುಕೊಳ್ಳಿ. ಬುಕ್ಕಿ ಡಲ್ಲಾಸ್ ಪಕ್ಕದಲ್ಲಿ −3.5 ಎಂದು ಹಾಕುತ್ತಾನೆ. ಡಲ್ಲಾಸ್ 4 ಅಥವಾ ಅದಕ್ಕಿಂತ ಹೆಚ್ಚು ಪಾಯಿಂಟ್‌ಗಳಿಂದ ಗೆದ್ದರೆ ಮಾತ್ರ ಅದರ ಮೇಲೆ ಕಟ್ಟಿದವರಿಗೆ ಗೆಲುವು. ಹೀಗೆ ತಕ್ಕಡಿ ಸಮ ಮಾಡುವುದರಿಂದ ಎರಡೂ ಕಡೆ ಗೆಲ್ಲುವ ಅವಕಾಶ ಹತ್ತಿರ ಹತ್ತಿರ ಅರ್ಧರ್ಧ.

ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: −110. ಇದೇ ಬೆಲೆ. 100 ಡಾಲರ್ ಗೆಲ್ಲಬೇಕಾದರೆ 110 ಡಾಲರ್ ಕಟ್ಟಬೇಕು ಎಂದರ್ಥ. ಗೆದ್ದರೆ ಅಸಲು 110, ಲಾಭ 100, ಒಟ್ಟು 210 ಕೈಗೆ ಬರುತ್ತದೆ. ಸೋತರೆ 110 ಹೋಯಿತು. ಎರಡು ಕಡೆ ಒಬ್ಬೊಬ್ಬರು ಕಟ್ಟಿದರೆ ಬುಕ್ಕಿಗೆ 220 ಬರುತ್ತದೆ, ಅವನು 210 ಕೊಡುತ್ತಾನೆ. ಉಳಿದ 10 ಡಾಲರ್ ಅವನ ಕಮಿಷನ್. ಅಲ್ಲಿನವರು ಇದನ್ನು ವಿಗ್ ಅಂತಾರೆ, ಜ್ಯೂಸ್ ಅಂತಲೂ ಕರೀತಾರೆ.

ಅಸಲಿನ ಗಡಿ ಕಂಡುಹಿಡಿಯುವುದು

ಕಟ್ಟುವ ದುಡ್ಡನ್ನು, ಗೆದ್ದರೆ ಒಟ್ಟು ಕೈಗೆ ಬರುವ ದುಡ್ಡಿನಿಂದ ಭಾಗಿಸಿ. ಅಷ್ಟೇ.

```
110 ÷ (110 + 100) = 0.5238
```

ನೂರಕ್ಕೆ 52.38 ಬೆಟ್ ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ ದಶಮಾಂಶ ಬಾಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಹೀಗೆ ನೆನಪಿಡಿ: 21 ಬೆಟ್‌ಗಳಲ್ಲಿ 11 ಗೆಲುವು, 10 ಸೋಲು. ಹನ್ನೊಂದು ಸಲ 100 ಬಂತು, ಹತ್ತು ಸಲ 110 ಹೋಯಿತು. ಎರಡೂ 1100.

ಹಾಳೆಯನ್ನು ಸರಿಯಾಗಿ ಎಣಿಸುವುದು

ಭಾವನ 206 ಸಾಲುಗಳಲ್ಲಿ 6 'ಪುಶ್' ಇದ್ದವು. ಸ್ಪ್ರೆಡ್ 3 ಇದ್ದು, ಪಂದ್ಯವೂ ಸರಿಯಾಗಿ 3 ಪಾಯಿಂಟ್‌ನಲ್ಲೇ ಮುಗಿದರೆ ಕಟ್ಟಿದ ದುಡ್ಡು ವಾಪಸ್. ಅದು ಗೆಲುವೂ ಅಲ್ಲ, ಸೋಲೂ ಅಲ್ಲ. ಇವನ್ನು ಲೆಕ್ಕದಿಂದ ತೆಗೆದುಹಾಕಬೇಕು. ಉಳಿದಿದ್ದು 200. ಅದರಲ್ಲಿ 104 ಗೆಲುವು, 96 ಸೋಲು. ಅಂದರೆ ನೂರಕ್ಕೆ 52.

ಗೆದ್ದಿದ್ದು 10,400. ಕಳೆದುಕೊಂಡಿದ್ದು 10,560. ನಷ್ಟ 160 ಡಾಲರ್. ಇನ್ನು ಒಂದೇ ಒಂದು ಪಂದ್ಯ ಗೆದ್ದಿದ್ದರೆ 105–95 ಆಗಿ 50 ಡಾಲರ್ ಲಾಭ ಇರುತ್ತಿತ್ತು. 'ಛೆ, ಆ ಕೊನೆಯ ಭಾನುವಾರದ ಫೀಲ್ಡ್ ಗೋಲ್!' ಅಂತ ಭಾವ ಗೊಣಗಿದರು. ಅಕ್ಕ ಹಿಂದಿನಿಂದ ಏನೋ ಅಂದಳು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಅದೃಷ್ಟ ಎಷ್ಟು ಎಂದು ಅಳೆಯುವುದು

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಬೆಟ್‌ಗಳ ಸಂಖ್ಯೆಯ ವರ್ಗಮೂಲ ತೆಗೆದು ಅರ್ಧ ಮಾಡಿ. 200ರ ವರ್ಗಮೂಲ ಸುಮಾರು 14, ಅದರ ಅರ್ಧ 7. ಆಟದ ಗಂಧಗಾಳಿಯೇ ಇಲ್ಲದೆ ಸುಮ್ನೆ ನಾಣ್ಯ ಚಿಮ್ಮಿ ಬೆಟ್ ಕಟ್ಟುವವನು 200ರಲ್ಲಿ 100 ಗೆಲ್ಲಬೇಕು. ಆದರೆ ಆಚೆ ಈಚೆ 7 ಏರುಪೇರಾಗುವುದು ತೀರಾ ಮಾಮೂಲಿ. ಅಂಥ ನಾಣ್ಯದವರು ನೂರು ಜನ ಇದ್ದರೆ, ಅವರಲ್ಲಿ ಸುಮಾರು 26 ಮಂದಿ 105 ಅಥವಾ ಅದಕ್ಕಿಂತ ಹೆಚ್ಚು ಗೆದ್ದು ಲಾಭದಲ್ಲಿ ಸೀಸನ್ ಮುಗಿಸುತ್ತಾರೆ. ಆಮೇಲೆ ಆಫೀಸಿನಲ್ಲಿ ಟಿಪ್ಸ್ ಕೊಡುವವರು ಇವರೇ!

ಇದರ ಇನ್ನೊಂದು ಮುಖವೂ ಇದೆ. ನಿಜವಾಗಿಯೂ ನೂರಕ್ಕೆ 53 ಗೆಲ್ಲುವಷ್ಟು ಜಾಣ ಇದ್ದಾನೆ ಎಂದುಕೊಳ್ಳಿ. ಅವನ ಸರಾಸರಿ 106. ಅದರಿಂದಲೂ ಏಳು ಆಚೆ ಈಚೆ. ಹಾಗಾಗಿ 200 ಬೆಟ್‌ಗಳ ಹತ್ತು ಸೀಸನ್ ಆಡಿದರೆ ಸುಮಾರು ನಾಲ್ಕರಲ್ಲಿ ಅವನೂ ನಷ್ಟದಲ್ಲೇ ಇರುತ್ತಾನೆ. ಒಂದು ಸೀಸನ್ ನೋಡಿ ತಾನು ಜಾಣನೋ ದಡ್ಡನೋ ಎಂದು ಹೇಳಲಾಗದು. 1000 ಬೆಟ್ ದಾಟಿದರೆ ಚಿತ್ರ ಸ್ವಲ್ಪ ಸ್ಪಷ್ಟವಾಗುತ್ತದೆ. ಅಲ್ಲಿ ಅಸಲು ಉಳಿಯಲು 524 ಗೆಲುವು ಬೇಕು, ನಾಣ್ಯದವರಲ್ಲಿ ಅಲ್ಲಿಗೆ ಮುಟ್ಟುವವರು ನೂರಕ್ಕೆ ಏಳು ಮಂದಿ. ಆದರೆ ಭಾವನ ವೇಗದಲ್ಲಿ 1000 ಬೆಟ್ ಅಂದರೆ ಐದು ವರ್ಷ.

ಗುರಿ ಇಡುವುದು

ಭಾವ ತಮ್ಮ ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಗುರಿ: 60%' ಎಂದು ಬರೆದಿದ್ದರು. ಅದು ಎಲ್ಲಿಂದ ಬಂತು ಎಂದರೆ, ಯಾವುದೋ ವಿಡಿಯೊ. 60 ಎಂದರೆ 200ರಲ್ಲಿ 120 ಗೆಲುವು, 3200 ಡಾಲರ್ ಲಾಭ. ಇದನ್ನೇ ಕಸುಬು ಮಾಡಿಕೊಂಡವರೂ ಸ್ಪ್ರೆಡ್ ಬೆಟ್‌ಗಳಲ್ಲಿ ವರ್ಷಗಟ್ಟಲೆ 55ರ ಮೇಲೆ ನಿಲ್ಲುವುದು ಅಪರೂಪ. ಹಾಗೊಮ್ಮೆ ನಿಂತರೂ ಆ್ಯಪ್‌ನವರು ಸುಮ್ಮನಿರುವುದಿಲ್ಲ, ಅವರು ಕಟ್ಟಬಹುದಾದ ಮೊತ್ತವನ್ನೇ ಇಳಿಸಿಬಿಡುತ್ತಾರೆ. 55ಕ್ಕೆ ಸಿಗುವುದು 1100 ಡಾಲರ್, ಕಟ್ಟಿದ 22,000ಕ್ಕೆ ನೂರಕ್ಕೆ 5. ಭಾವನಂಥವರಿಗೆ 53 ದೊಡ್ಡ ಮಾತು. ಸಿಗುವುದು 260 ಡಾಲರ್. ಸೀಸನ್ ಪೂರ್ತಿ ಭಾನುವಾರ ಸೋಫಾದಲ್ಲಿ ಕೂತಿದ್ದಕ್ಕೆ ಇದು ಕೂಲಿಯೂ ಅಲ್ಲ, ನನ್ನ ಕೇಳಿದರೆ.

ಗೆಲುವು ಏರಿಸುವುದಕ್ಕಿಂತ ಗಡಿ ಇಳಿಸುವುದು ಸುಲಭ. ನ್ಯೂಜೆರ್ಸಿಯಲ್ಲಿ ಬೆಟ್ಟಿಂಗ್ ಆ್ಯಪ್‌ಗಳು ಹಲವಾರಿವೆ. ಒಂದೇ ಪಂದ್ಯಕ್ಕೆ, ಒಂದೇ ಸ್ಪ್ರೆಡ್‌ಗೆ ಒಬ್ಬ −110 ಹೇಳಿದರೆ ಇನ್ನೊಬ್ಬ −105 ಹೇಳುವುದುಂಟು. ಮಾರ್ಕೆಟ್ಟಿನಲ್ಲಿ ಟೊಮೆಟೊಗೆ ನಾಲ್ಕು ಅಂಗಡಿ ಕೇಳುತ್ತೇವಲ್ವಾ, ಹಾಗೆ. −105ಕ್ಕೆ ಗಡಿ 105 ÷ 205, ಅಂದರೆ 51.2. ಭಾವನ ಅದೇ 104 ಗೆಲುವನ್ನು ಈ ಬೆಲೆಗೆ ಹಾಕಿ ನೋಡಿ. 10,400 ಬಂತು, 96 ಸಲ 105ರಂತೆ 10,080 ಹೋಯಿತು. 320 ಡಾಲರ್ ಲಾಭ! ಒಂದು ಪಂದ್ಯವೂ ಹೆಚ್ಚು ಗೆಲ್ಲದೆ. ಎಲ್ಲ ಪಂದ್ಯಕ್ಕೂ −105 ಸಿಗುವುದಿಲ್ಲ ನಿಜ, ಆದರೆ ಸಿಕ್ಕಷ್ಟೂ ಗಡಿ ಕೆಳಗಿಳಿಯುತ್ತದೆ.

ಉಲ್ಟಾ ಕೂಡ ಆಗುತ್ತದೆ. ಎನ್‌ಎಫ್‌ಎಲ್ ಪಂದ್ಯಗಳು ಅತಿ ಹೆಚ್ಚು ಸಲ ಮುಗಿಯುವುದು 3 ಪಾಯಿಂಟ್ ಅಂತರದಲ್ಲಿ. ಅದಕ್ಕೇ ಸ್ಪ್ರೆಡ್ 3ರಲ್ಲಿದ್ದಾಗ ಬುಕ್ಕಿ ಅದನ್ನು ಅಲುಗಾಡಿಸಲು ಹಿಂಜರಿಯುತ್ತಾನೆ, ಬದಲಿಗೆ ಬೆಲೆಯನ್ನು −120ಕ್ಕೆ ಏರಿಸುತ್ತಾನೆ. ಅಲ್ಲಿ ಗಡಿ 54.5. ಕಣ್ಣಿಗೆ ಬೀಳುವುದು 3 ಮಾತ್ರ, ಪಕ್ಕದ 120 ಯಾರೂ ನೋಡುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಭಾವ ಹೊಸ ಹಾಳೆಯ ಫೋಟೊ ಕಳಿಸಿದರು. '60%' ಹೋಗಿತ್ತು. 'ಬೆಲೆ' ಮತ್ತು 'ಗಡಿ' ಎಂಬ ಎರಡು ಹೊಸ ಕಾಲಂ ಬಂದಿದ್ದವು. ಮೊದಲ ವಾರದಲ್ಲಿ ಇದ್ದಿದ್ದು ಮೂರೇ ಸಾಲು, ಬೆಲೆ −105, −108, −110. ಮೂರರಲ್ಲಿ ಎರಡು ಸೋತಿದ್ದರು.