ಎಎನ್‌ಬಿ 3 ಇದ್ದರೂ ನಾನು ಹಲ್ಲು ಕೀಳಿಸಲಿಲ್ಲ

ಮೂರು ವರ್ಷದ ಹಿಂದೆ ಹಾಸನದ ನನ್ನ ಕ್ಲಿನಿಕ್ಕಿಗೆ 12 ವರ್ಷದ ಹುಡುಗಿಯೊಬ್ಬಳನ್ನು ಅವಳ ತಂದೆ ಕರೆದುಕೊಂಡು ಬಂದರು. ಮೇಲಿನ ಬಾಚಿಹಲ್ಲುಗಳು ಕೆಳಗಿನವಕ್ಕಿಂತ ಸುಮಾರು 9 ಮಿ.ಮೀ. ಮುಂದಿದ್ದವು. ತುಟಿ ಮುಚ್ಚು ಎಂದರೆ ಗದ್ದದ ಚರ್ಮ ಬಿಗಿದು ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತಿತ್ತು. ಪಕ್ಕದಿಂದ ನೋಡಿದರೆ ಕೆಳದವಡೆ ಹಿಂದೆ ಉಳಿದಿದೆ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ತಲೆಯ ಪಕ್ಕದ ಎಕ್ಸ್‌ರೇ ಮೇಲೆ ಬಿಂದು ಇಟ್ಟು, ಗೆರೆ ಎಳೆದು ಮಾಡಿದ ಸೆಫ್ ಟ್ರೇಸಿಂಗ್ ಬೇರೆಯೇ ಹೇಳಿತು: ಮೇಲ್ದವಡೆಯ ಕೋನ ಎಸ್‌ಎನ್‌ಎ 79, ಕೆಳದವಡೆಯ ಕೋನ ಎಸ್‌ಎನ್‌ಬಿ 76, ಎರಡರ ವ್ಯತ್ಯಾಸ ಎಎನ್‌ಬಿ 3. ಸ್ಟೈನರ್ ಕೊಟ್ಟ ಸಾಮಾನ್ಯ ಅಳತೆ 82, 80, 2ರ ಲೆಕ್ಕದಲ್ಲಿ ದವಡೆಗಳ ನಡುವೆ ದೊಡ್ಡ ಅಂತರವೇನೂ ಇಲ್ಲ.

ನನಗೆ ಪಾಠ ಹೇಳಿದ ಹಿರಿಯರೊಬ್ಬರಿಗೆ ಫಿಲ್ಮ್ ತೋರಿಸಿದೆ. "3 ಡಿಗ್ರಿ ಕಣ್ಣೆದುರಿಗೇ ಇದೆಯಲ್ಲಯ್ಯಾ. ಮೇಲಿನ ಎರಡು ಪ್ರಿಮೋಲಾರ್ ಕೀಳಿಸು, ಮುಂದಿನ ಹಲ್ಲು ಹಿಂದಕ್ಕೆ ಎಳೆ. ಕೆಳದವಡೆ ಮುಂದೆ ತರಲು ಟ್ವಿನ್ ಬ್ಲಾಕ್ ಹಾಕಿ ಒಂದು ವರ್ಷ ಯಾಕೆ ಕಳೆಯುತ್ತೀಯಾ?" ಎಂದರು. ಜೊತೆಗೆ ಓದಿದ ಇಬ್ಬರೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಮುಖ ಒಂದು ಹೇಳುತ್ತಿದೆ, ಕೋನ ಇನ್ನೊಂದು ಹೇಳುತ್ತಿದೆ ಎಂದರೆ ಎಲ್ಲೋ ಒಂದು ಬಿಂದು ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದೇ ಅರ್ಥ.

ಎಸ್‌ಎನ್‌ಎ, ಎಸ್‌ಎನ್‌ಬಿ ಎರಡೂ ಒಟ್ಟಿಗೆ ಕಡಿಮೆ ಇದ್ದದ್ದೇ ನನಗೆ ಸಿಕ್ಕ ಮೊದಲ ಸುಳಿವು. ತಲೆಬುರುಡೆಯ ತಳದ ಸೆಲ್ಲಾ ಬಿಂದು ಕೆಳಗೆ ಕೂತಿದ್ದರೂ ಹೀಗಾಗುತ್ತದೆ. ಆದರೆ ಸೆಲ್ಲಾ ಎಲ್ಲಿದ್ದರೂ ಎಎನ್‌ಬಿ ಕದಲುವುದಿಲ್ಲ, ಏಕೆಂದರೆ ಆ ಕೋನದಲ್ಲಿ ಸೆಲ್ಲಾಕ್ಕೆ ಜಾಗವೇ ಇಲ್ಲ. ಉಳಿದದ್ದು ಮೂಗಿನ ಬುಡದ ಬಿಂದು, ನೇಸಿಯಾನ್. ಸೆಲ್ಲಾದಿಂದ ನೇಸಿಯಾನ್‌ವರೆಗೆ ಅಳೆದೆ, 78 ಮಿ.ಮೀ. ಬಂತು. ನನ್ನ ಕಡತಗಳಲ್ಲಿ ಆ ವಯಸ್ಸಿನ ಹೆಣ್ಣುಮಕ್ಕಳಿಗೆ 70ರಿಂದ 73ರೊಳಗೇ ಬರುತ್ತದೆ. ಮೂಗಿನ ಬುಡ ಮುಂದಕ್ಕೆ ಚಾಚಿಕೊಂಡಿತ್ತು. ಹಾಗಾದಾಗ ಹತ್ತಿರವಿರುವ ಮೇಲ್ದವಡೆಯ ಎ ಬಿಂದುವಿನ ಗೆರೆ ಹೆಚ್ಚು ತಿರುಗುತ್ತದೆ, ದೂರದ ಕೆಳದವಡೆಯ ಬಿ ಬಿಂದುವಿನ ಗೆರೆ ಕಡಿಮೆ ತಿರುಗುತ್ತದೆ, ನಡುವಿನ ಕೋನ ಕುಗ್ಗುತ್ತದೆ. ಅದೇ ಹಾಳೆಯ ಮೇಲೆ ಇನ್ನೊಂದು ಪಾರದರ್ಶಕ ಅಸಿಟೇಟ್ ಇಟ್ಟು, ಸೆಲ್ಲಾ-ನೇಸಿಯಾನ್ ಗೆರೆಯ ಮೇಲೆ ನೇಸಿಯಾನ್ ಅನ್ನು 5 ಮಿ.ಮೀ. ಹಿಂದೆ ಸರಿಸಿ ಮತ್ತೆ ಕೋನ ಎಳೆದೆ. ಎಎನ್‌ಬಿ 5 ದಾಟಿತು. ದವಡೆ ಒಂದು ಕೂದಲೆಳೆಯಷ್ಟೂ ಅಲುಗಾಡದೆ ಎರಡು ಡಿಗ್ರಿಗೂ ಹೆಚ್ಚು ಬದಲಾಗಿತ್ತು.

ಆಮೇಲೆ ನೇಸಿಯಾನ್ ಹಂಗಿಲ್ಲದ ವಿಟ್ಸ್ ಅಳತೆ ತೆಗೆದೆ. ಜೇಕಬ್‌ಸನ್ 1975ರಲ್ಲಿ ಕೊಟ್ಟ ವಿಧಾನ ಎಲ್ಲರಿಗೂ ಗೊತ್ತು, ವಿವರಿಸುವುದಿಲ್ಲ. ಹುಡುಗಿಯರಲ್ಲಿ ಎ, ಬಿಗಳಿಂದ ಹಲ್ಲು ಕಚ್ಚುವ ಸಮತಲಕ್ಕೆ ಇಳಿಸಿದ ಲಂಬಗಳು ಹೆಚ್ಚುಕಡಿಮೆ ಒಂದೇ ಕಡೆ ಬೀಳಬೇಕು. ಇವಳಲ್ಲಿ ಎ ಕಡೆಯದು 6 ಮಿ.ಮೀ. ಮುಂದೆ ಬಿತ್ತು. ನೇಸಿಯಾನ್ ಬೇಡದ ಇನ್ನೊಂದು ಅಳತೆ, ಬೀಟಾ ಕೋನವನ್ನೂ ನೋಡಿದೆ. 27ಕ್ಕಿಂತ ಕೆಳಗಿದ್ದರೆ ಎರಡನೇ ವರ್ಗ, ಅಂದರೆ ಕೆಳದವಡೆ ಮೇಲಿನದಕ್ಕಿಂತ ಹಿಂದೆ. ಇವಳದು 22ರ ಆಸುಪಾಸು. ಎರಡು ಸಾಕ್ಷಿ ಒಂದೇ ಮಾತು ಹೇಳಿದವು.

ವಿಟ್ಸ್ ಅನ್ನು ನಾನೂ ಸುಮ್ಮನೆ ನಂಬಿದವನಲ್ಲ, ಅದಕ್ಕೆ ಬೆಲೆ ತೆತ್ತಿದ್ದೇನೆ. ಕ್ಲಿನಿಕ್ ತೆರೆದ ಎರಡನೇ ವರ್ಷ ಒಬ್ಬ ಹುಡುಗನ ಮೊದಲ ಫಿಲ್ಮ್ ಒಂದು ಕೇಂದ್ರದ್ದು, ಹತ್ತು ತಿಂಗಳ ನಂತರದ್ದು ಇನ್ನೊಂದು ಕೇಂದ್ರದ್ದು. ವಿಟ್ಸ್ 5ರಿಂದ 4ಕ್ಕೆ ಇಳಿದಿದೆ, ದವಡೆ ಬೆಳೆದಿದೆ ಎಂದು ಮನೆಯವರಿಗೆ ಸಂತೋಷದಿಂದ ಹೇಳಿದೆ. ರಾತ್ರಿ ಎರಡೂ ಟ್ರೇಸಿಂಗ್ ಒಂದರ ಮೇಲೊಂದು ಇಟ್ಟರೆ ತಲೆಬುರುಡೆಯೇ ಚಿಕ್ಕದಾಗಿತ್ತು! ಎರಡನೇ ಕೇಂದ್ರ ಚಿತ್ರವನ್ನು ಕುಗ್ಗಿಸಿ ಚಿಕ್ಕ ಹಾಳೆಗೆ ಮುದ್ರಿಸಿತ್ತು. ಫಿಲ್ಮ್ ಅಂಚಿನ ಅಳತೆಪಟ್ಟಿಯಲ್ಲಿ 10 ಮಿ.ಮೀ. ಎಂದಿದ್ದದ್ದು ನನ್ನ ಸ್ಕೇಲಿನಲ್ಲಿ 8 ಚಿಲ್ಲರೆ ಬಂತು. ಕೋನಗಳಿಗೆ ಇದು ತಟ್ಟುವುದಿಲ್ಲ, ಮಿ.ಮೀ. ಲೆಕ್ಕ ಮಾತ್ರ ಪೂರ್ತಿ ಕೆಡುತ್ತದೆ. ಹುಡುಗನಲ್ಲಿ ಏನೂ ಬದಲಾಗಿರಲಿಲ್ಲ. ಅಪ್ಲಯನ್ಸ್‌ಗೆ ತೆಗೆದುಕೊಂಡಿದ್ದ ಹದಿನೈದು ಸಾವಿರವನ್ನು ಮರಳಿ ಕೊಟ್ಟೆ, ಲ್ಯಾಬ್ ಖರ್ಚು ನನ್ನ ತಲೆಗೇ ಬಂತು. ಅಂದಿನಿಂದ ಅಳತೆಪಟ್ಟಿ ಇಲ್ಲದ ಫಿಲ್ಮ್ ಬಂದರೆ ವಾಪಸು ಕಳಿಸುತ್ತೇನೆ.

ಇನ್ನೊಂದು ನಷ್ಟ ಟ್ರೇಸಿಂಗ್ ಸಾಫ್ಟ್‌ವೇರಿನದು. ಸುಮಾರು ಅರವತ್ತು ಸಾವಿರ ಕೊಟ್ಟು ತೆಗೆದುಕೊಂಡೆ. ಲೆಕ್ಕ ಅದು ಸರಿಯಾಗಿಯೇ ಮಾಡುತ್ತದೆ, ಬಿಂದು ಇಡುವವನು ನಾನೇ ತಾನೇ? ಎ ಬಿಂದುವಿನ ಬಳಿ ಮೂಳೆಯ ಗೆರೆ ತೆಳುವಾಗಿ ಕೆನ್ನೆಯ ನೆರಳಿನಲ್ಲಿ ಕರಗುತ್ತದೆ. ಪರದೆಯಲ್ಲಿ ಎರಡು ದಿನ ಬಿಟ್ಟು ನಾನೇ ಇಟ್ಟ ಎ ಬಿಂದುಗಳ ನಡುವೆ 2 ಮಿ.ಮೀ. ವ್ಯತ್ಯಾಸ ಬರುತ್ತಿತ್ತು. ಬೆಳಕಿನ ಪೆಟ್ಟಿಗೆಯ ಮೇಲೆ, ಕೋಣೆಯ ದೀಪ ಆರಿಸಿ, ಫಿಲ್ಮಿನ ಸುತ್ತ ಕಪ್ಪು ರಟ್ಟು ಇಟ್ಟು 0.3 ಪೆನ್ಸಿಲಿನಲ್ಲಿ ಎಳೆದಾಗ ಅದು ಅರ್ಧಕ್ಕಿಂತ ಕಡಿಮೆಯಾಯಿತು. ಈಗ ಪ್ರತಿ ಫಿಲ್ಮನ್ನೂ ವಾರ ಬಿಟ್ಟು ಎರಡು ಸಲ ಎಳೆಯುತ್ತೇನೆ, ಮೊದಲನೆಯದನ್ನು ನೋಡದೆ. ಎಎನ್‌ಬಿ ಒಂದು ಡಿಗ್ರಿಗಿಂತ ಹೆಚ್ಚು ಬೇರೆ ಬಂದರೆ ಮೂರನೇ ಹಾಳೆ. ಬೀಟಾ ಕೋನಕ್ಕೆ ಬೇಕಾದ, ದವಡೆಯ ಕೀಲಿನ ತಲೆಯಾದ ಕಾಂಡೈಲಿನ ನಡುವನ್ನು ಕಿವಿಯ ನೆರಳಿನಲ್ಲಿ ಹೇಗೆ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೆ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡೇ ತೋರಿಸುತ್ತೇನೆ.

ಹುಡುಗಿಯ ಫಿಲ್ಮಿನಲ್ಲಿ ಕತ್ತಿನ 2 ಮತ್ತು 3ನೇ ಕಶೇರುಕಗಳ ಕೆಳ ಅಂಚು ಒಳಬಾಗಿತ್ತು, 4ನೆಯದು ಇನ್ನೂ ಸಪಾಟಾಗಿತ್ತು. ಬೆಳವಣಿಗೆಯ ಜೋರು ಬರುವ ಹೊತ್ತು ಅದೇ. ತಂದೆಗೆ ಅಸಿಟೇಟ್ ಹಾಳೆಗಳನ್ನೇ ತೋರಿಸಿ, "ಒಂಬತ್ತು ತಿಂಗಳು ನೋಡೋಣ. ಆಗದಿದ್ದರೆ ಹಲ್ಲು ಕೀಳುವ ದಾರಿ ಇದ್ದೇ ಇದೆ, ಕಿತ್ತ ಮೇಲೆ ಈ ದಾರಿ ಇರುವುದಿಲ್ಲ" ಎಂದೆ. ಮೊದಲ ಎರಡು ತಿಂಗಳು ಅವಳು ಟ್ವಿನ್ ಬ್ಲಾಕನ್ನು ಶಾಲೆಯ ಚೀಲದಲ್ಲೇ ಇಟ್ಟುಕೊಂಡಿದ್ದಳು, ಏನೂ ಆಗಲಿಲ್ಲ. ಅಜ್ಜಿ ಕಾವಲು ಕೂತ ಮೇಲೆ ಕೆಲಸ ಶುರುವಾಯಿತು.

ಹನ್ನೊಂದನೇ ತಿಂಗಳು ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಫಿಲ್ಮ್ ತೆಗೆಸಿದೆ. ಹಲ್ಲು ಕಚ್ಚಿಸುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ, ಏಕೆಂದರೆ ಟ್ವಿನ್ ಬ್ಲಾಕ್ ಹಾಕಿದ ಮಕ್ಕಳು ಅಭ್ಯಾಸಬಲದಿಂದ ದವಡೆ ಮುಂದೆ ತಂದು ಕಚ್ಚುತ್ತಾರೆ. ಆ ಫಿಲ್ಮ್ ನಂಬಿದರೆ ಸುಳ್ಳು ಯಶಸ್ಸು. ಕಾಂಡೈಲ್ ಗುಳಿಯಿಂದ ಮುಂದೆ ಜಾರಿದಂತೆ ಕಂಡರೆ ಫಿಲ್ಮ್ ರದ್ದು. ಬಾಚಿಹಲ್ಲಿನ ಅಂತರ 9ರಿಂದ 3ಕ್ಕೆ ಇಳಿದಿತ್ತು, ವಿಟ್ಸ್ 6ರಿಂದ 2ಕ್ಕೆ, ಎಎನ್‌ಬಿ ಒಂದೂವರೆಗೆ. ಎಲ್ಲವೂ ದವಡೆಯ ಬೆಳವಣಿಗೆಯಲ್ಲ. ಕೆಳಗಿನ ಬಾಚಿಹಲ್ಲು ದವಡೆಯ ತಳಕ್ಕೆ 94 ಡಿಗ್ರಿ ಇದ್ದದ್ದು 99ಕ್ಕೆ ಮುಂದೆ ಬಾಗಿತ್ತು, ಮೇಲಿನವೂ ಸ್ವಲ್ಪ ಹಿಂದಕ್ಕೆ ಬಂದಿದ್ದವು. ಆದರೆ ತುಟಿ ಮುಚ್ಚಿದಾಗ ಗದ್ದದ ಗುಳಿಗಳು ಮಾಯವಾಗಿದ್ದವು, ಹಲ್ಲು ಒಂದೂ ಹೋಗಿರಲಿಲ್ಲ.

ಒಂದು ಎಚ್ಚರ. ವಿಟ್ಸ್ ನಿಲ್ಲುವುದು ಕಚ್ಚುವ ಸಮತಲದ ಮೇಲೆ. ಅದನ್ನು ಮೊದಲ ಮೋಲಾರ್ ಮತ್ತು ಪ್ರಿಮೋಲಾರ್‌ಗಳ ನಡುವೆ ಎಳೆಯಬೇಕು, ಬಾಚಿಹಲ್ಲನ್ನು ಸೇರಿಸಬಾರದು. ಪ್ರಿಮೋಲಾರ್ ಅರ್ಧ ಹುಟ್ಟಿದ ಮಕ್ಕಳಲ್ಲಿ ಆ ಗೆರೆ ಓಲಾಡುತ್ತದೆ. ಅಂಥವರಲ್ಲಿ ಗೆರೆಯನ್ನು 3 ಡಿಗ್ರಿಯಷ್ಟು ತಿರುಗಿಸಿ ನೋಡಿದ್ದೇನೆ, ವಿಟ್ಸ್ 2 ಮಿ.ಮೀ.ಗಿಂತ ಹೆಚ್ಚು ಹಾರಿತು. ಅವರಿಗೆ ನಾನು ಬೀಟಾ ಕೋನವನ್ನೇ ಮುಂದಿಡುತ್ತೇನೆ.

ಹೋದ ವರ್ಷ ಆ ಹಿರಿಯರು ಹಾಸನಕ್ಕೆ ಬಂದಿದ್ದಾಗ ಎರಡೂ ಟ್ರೇಸಿಂಗ್ ಪೆಟ್ಟಿಗೆಯ ಮೇಲಿಟ್ಟೆ. ಅವರು ಮಾತನಾಡದೆ ನನ್ನ ಕೈಯಿಂದ ಸ್ಕೇಲ್ ತೆಗೆದುಕೊಂಡು, ಮೊದಲು ಅಂಚಿನ ಅಳತೆಪಟ್ಟಿ ನೋಡಿ, ಆಮೇಲೆ ಸೆಲ್ಲಾದಿಂದ ನೇಸಿಯಾನ್‌ಗೆ ತಾವೇ ಅಳೆದರು.